ಸೌರಫಲಕದ ಜೋಡಣೆ: ಮೊದಲು ಲೆಕ್ಕ, ಆಮೇಲೆ ತಂತಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತ ಬಾಂಧವರು ತರಬೇತಿಗೆ ಬಂದಾಗ ಶುಂಠಿಯ ಕೊಳೆ, ಮೆಕ್ಕೆಜೋಳದ ಗೊಬ್ಬರ, ಅಡಿಕೆಯ ನೀರು ಇವುಗಳ ಜೊತೆಗೆ ಈಗ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: "ಮನೆ ಮೇಲೆ ಸೋಲಾರ್ ಹಾಕಿಸಬೇಕು ಸಾರ್, ಎಷ್ಟು ವಾಟಿನ ಪ್ಲೇಟು ತರಲಿ? ಎಷ್ಟು ತರಲಿ?" ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆ ತಲೆಕೆಳಗಾಗಿದೆ. ಮೊದಲು ಕೇಳಬೇಕಾದದ್ದು, "ನನ್ನ ಇನ್ವರ್ಟರು ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ತಡೆದೀತು?" ಎಂದು. ಫಲಕಗಳ ಸಂಖ್ಯೆ, ವಾಟು, ಅವುಗಳನ್ನು ಜೋಡಿಸುವ ಬಗೆ ಎಲ್ಲವೂ ಈ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ತೀರ್ಮಾನವಾಗಬೇಕು.

ಬೇಸಾಯ ಶಾಸ್ತ್ರದವನಿಗೆ ತಂತಿಯ ವಿಷಯ ಏಕೆ ಎಂದು ತಾವು ಕೇಳಬಹುದು. ಇಂದು ಫಲಕದ ತಂತಿ ನೇರವಾಗಿ ಬೆಳೆಯ ಬುಡಕ್ಕೆ ಬಂದು ಸೇರಿದೆ. ಮಾರ್ಚ್-ಏಪ್ರಿಲ್ ತಿಂಗಳಲ್ಲಿ ಅಡಿಕೆಗೆ ಕೊಡಬೇಕಾದ ನೀರು ಎರಡು ವಾರ ತಪ್ಪಿದರೆ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಆ ನಷ್ಟ ತುಂಬಿ ಬರುವುದಿಲ್ಲ. ತಪ್ಪಾಗಿ ಜೋಡಿಸಿದ ಫಲಕಗಳು ಇನ್ವರ್ಟರನ್ನು ಸುಡುವುದು, ಇಲ್ಲವೇ ಪಂಪಿಗೆ ಸಾಲದಷ್ಟು ವೋಲ್ಟೇಜ್ ಕೊಡುವುದು ಎರಡೂ ಉಂಟು. ಎರಡರಲ್ಲೂ ದಂಡ ತೆರುವವರು ರೈತರೇ.

ಎರಡು ಬಗೆಯ ಜೋಡಣೆ

ಒಂದು ಫಲಕದ ಧನ ತುದಿಯನ್ನು ಮತ್ತೊಂದರ ಋಣ ತುದಿಗೆ ಸೇರಿಸುತ್ತಾ ಹೋದರೆ ಅದು ಸರಣಿ ಜೋಡಣೆ. ಮಿಸ್ತ್ರಿಗಳು ಇದನ್ನು ಸೀರೀಸ್ ಎನ್ನುತ್ತಾರೆ. ಇದರಲ್ಲಿ ವೋಲ್ಟೇಜುಗಳು ಕೂಡುತ್ತವೆ, ಆಂಪಿಯರ್ ಮಾತ್ರ ಒಂದೇ ಫಲಕದಷ್ಟೇ ಇರುತ್ತದೆ. ಧನವನ್ನು ಧನಕ್ಕೆ, ಋಣವನ್ನು ಋಣಕ್ಕೆ ಸೇರಿಸಿದರೆ ಅದು ಸಮಾಂತರ ಜೋಡಣೆ, ಅಂದರೆ ಪ್ಯಾರಲಲ್. ಇಲ್ಲಿ ಆಂಪಿಯರುಗಳು ಕೂಡುತ್ತವೆ, ವೋಲ್ಟೇಜ್ ಹಾಗೆಯೇ ಉಳಿಯುತ್ತದೆ.

ನೀರಿನ ಉದಾಹರಣೆ ತೆಗೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ವೋಲ್ಟೇಜ್ ಎಂದರೆ ಕೆರೆಯ ನೀರು ತೂಬಿನಿಂದ ಎಷ್ಟು ಎತ್ತರದಲ್ಲಿ ನಿಂತಿದೆ ಎಂಬುದು. ಆಂಪಿಯರ್ ಎಂದರೆ ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬುದು. ಸರಣಿಯಲ್ಲಿ ಕೆರೆಯ ಮಟ್ಟ ಏರುತ್ತದೆ. ಸಮಾಂತರದಲ್ಲಿ ಎರಡು ಕಾಲುವೆಗಳು ಒಂದಾಗಿ ಹರಿವು ಹೆಚ್ಚುತ್ತದೆ. ಏರಿ ತಡೆಯುವುದಕ್ಕಿಂತ ಮಟ್ಟ ಏರಿದರೆ ಏರಿಯೇ ಒಡೆಯುತ್ತದೆ. ಕಾಲುವೆ ಹಿಡಿಸುವುದಕ್ಕಿಂತ ನೀರು ಹೆಚ್ಚಿದ್ದರೆ ಬಹುಮಟ್ಟಿಗೆ ಹೆಚ್ಚಿನದು ಪೋಲಾಗುತ್ತದೆ. ಇನ್ವರ್ಟರಿನ ಮಟ್ಟಿಗೂ ಈ ಎರಡು ತಪ್ಪುಗಳ ನಡುವೆ ಇಷ್ಟೇ ಅಂತರವಿದೆ ಎಂಬುದನ್ನು ನೆನಪಿನಲ್ಲಿಡಬೇಕು.

ಚೀಟಿಯಲ್ಲಿ ನೋಡಬೇಕಾದ ಅಂಕಿಗಳು

ಪ್ರತಿ ಫಲಕದ ಬೆನ್ನಿಗೂ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ನಾಲ್ಕು ಅಂಕಿಗಳು ಮುಖ್ಯ. Voc ಎಂದರೆ ಏನೂ ಹೊರೆ ಇಲ್ಲದಾಗ ಫಲಕ ಕೊಡುವ ಅತಿ ಹೆಚ್ಚಿನ ವೋಲ್ಟೇಜ್. Vmp ಎಂದರೆ ಕೆಲಸ ಮಾಡುವಾಗಿನ ವೋಲ್ಟೇಜ್. Isc ಎಂದರೆ ಎರಡು ತುದಿಗಳನ್ನು ನೇರ ಮುಟ್ಟಿಸಿದರೆ ಹರಿಯುವ ಆಂಪಿಯರ್. Imp ಎಂದರೆ ಕೆಲಸದ ಆಂಪಿಯರ್. ಈಗ ಸಾಮಾನ್ಯವಾಗಿ ಸಿಗುವ 540 ವಾಟಿನ ಫಲಕದಲ್ಲಿ ಇವು ಸುಮಾರು 49.5 ವೋಲ್ಟ್, 41.6 ವೋಲ್ಟ್, 13.9 ಆಂಪಿಯರ್ ಮತ್ತು 13 ಆಂಪಿಯರ್ ಇರುತ್ತವೆ.

ಈ ಅಂಕಿಗಳೆಲ್ಲ ಫಲಕದ ಕೋಶಗಳು 25 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆದವು. ಫಲಕ ಕಾದರೆ ವೋಲ್ಟೇಜ್ ಇಳಿಯುತ್ತದೆ, ತಣಿದರೆ ಏರುತ್ತದೆ. ಇದು ಅನೇಕರು ಗಮನಿಸದ ವಿಷಯ. ಬಿಸಿಲು ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚೆಂದು ತಿಳಿದಿರುವವರೇ ಹೆಚ್ಚು. ಬಿಸಿಲು ಹೆಚ್ಚಿದಾಗ ಏರುವುದು ಮುಖ್ಯವಾಗಿ ಆಂಪಿಯರ್. ವೋಲ್ಟೇಜನ್ನು ಕುಗ್ಗಿಸುವುದು ಆ ಬಿಸಿಲಿನ ಕಾವು.

ಇನ್ವರ್ಟರಿನ ಚೀಟಿಯಲ್ಲಿಯೂ ನಾಲ್ಕು ಅಂಕಿಗಳನ್ನು ನೋಡಬೇಕು: ತಡೆಯಬಲ್ಲ ಗರಿಷ್ಠ ವೋಲ್ಟೇಜ್, ಕೆಲಸ ಮಾಡುವ ವೋಲ್ಟೇಜಿನ ಕೆಳಗಿನ ಮತ್ತು ಮೇಲಿನ ಮಿತಿ, ಬಳಸಿಕೊಳ್ಳಬಲ್ಲ ಗರಿಷ್ಠ ಆಂಪಿಯರ್, ಮತ್ತು ತಡೆಯಬಲ್ಲ ಗರಿಷ್ಠ Isc. ಈ ಅಂಕಿಗಳು ಚೀಟಿಯಲ್ಲಿಲ್ಲದಿದ್ದರೆ ಜೊತೆಗೆ ಕೊಡುವ ಪುಸ್ತಿಕೆಯಲ್ಲಿರುತ್ತವೆ. ಪುಸ್ತಿಕೆಯನ್ನೇ ಕೊಡದ ಇನ್ವರ್ಟರನ್ನು ಕೊಳ್ಳಬಾರದು.

ಚಳಿಗಾಲದ ಮುಂಜಾನೆ

ಈಗ ಸೊರಬದ ಕಡೆಯ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 48 ವೋಲ್ಟಿನ ಬ್ಯಾಟರಿ ಇರುವ ಇನ್ವರ್ಟರು. ಗರಿಷ್ಠ ವೋಲ್ಟೇಜ್ 150, ಕೆಲಸದ ವೋಲ್ಟೇಜ್ 60ರಿಂದ 120, ಬಳಸಿಕೊಳ್ಳುವ ಆಂಪಿಯರ್ 30, ತಡೆಯಬಲ್ಲ Isc 36. ಮನೆಯವರು 540 ವಾಟಿನ ಆರು ಫಲಕಗಳನ್ನು ಹಾಕಬೇಕೆಂದಿದ್ದಾರೆ.

ಮಿಸ್ತ್ರಿ ಹೇಳುತ್ತಾನೆ: "ಮೂರು ಮೂರು ಸೀರೀಸ್ ಮಾಡೋಣ. ಒಂದಕ್ಕೆ 49.5 ವೋಲ್ಟ್, ಮೂರಕ್ಕೆ 148.5. ಮಿತಿ 150 ಇದೆ. ಸರಿಹೋಯಿತು." ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಏಪ್ರಿಲ್ ತಿಂಗಳಲ್ಲಿ ಜೋಡಿಸಿದರೆ ಆರು ತಿಂಗಳು ಏನೂ ತೊಂದರೆ ಇಲ್ಲದೆ ನಡೆಯಲೂಬಹುದು.

ಆದರೆ ನಮ್ಮ ಅರೆಮಲೆನಾಡಿನಲ್ಲಿ ಡಿಸೆಂಬರ್-ಜನವರಿಯ ಮುಂಜಾನೆ ಚಳಿ ಹತ್ತು-ಹನ್ನೆರಡು ಡಿಗ್ರಿಗೆ ಇಳಿಯುವುದುಂಟು. 10 ಡಿಗ್ರಿ ಎಂದೇ ಇಟ್ಟುಕೊಳ್ಳುವುದು ಕ್ಷೇಮ. 25ಕ್ಕಿಂತ ಇದು 15 ಡಿಗ್ರಿ ಕಡಿಮೆ. ಇಂಥ ಫಲಕದ Voc ಒಂದು ಡಿಗ್ರಿ ತಣಿದರೆ ಶೇಕಡಾ 0.27ರಷ್ಟು ಏರುತ್ತದೆ ಎಂದು ಅದರ ವಿವರ ಪತ್ರದಲ್ಲಿ ಬರೆದಿರುತ್ತದೆ. 15 ಡಿಗ್ರಿಗೆ ಶೇಕಡಾ 4 ಆಯಿತು. 49.5 ವೋಲ್ಟ್ ಇದ್ದದ್ದು 51.5 ಆಗುತ್ತದೆ. ಮೂರು ಫಲಕಕ್ಕೆ 154.5 ವೋಲ್ಟ್. ಮಿತಿ ದಾಟಿತು.

ಇದು ಮುಂಜಾನೆಯೇ ಏಕೆ ಆಗುತ್ತದೆ? ರಾತ್ರಿಯ ಚಳಿಯಲ್ಲಿ ತಣಿದ ಫಲಕದ ಮೇಲೆ ಮಂಜು ಸರಿದು ಎಳೆಬಿಸಿಲು ಬಿದ್ದ ಕೂಡಲೇ ವೋಲ್ಟೇಜ್ ಹೆಚ್ಚುಕಡಿಮೆ ಪೂರ್ತಿ ಎದ್ದು ನಿಲ್ಲುತ್ತದೆ. ಫಲಕ ಇನ್ನೂ ಕಾದಿಲ್ಲ. ಇನ್ವರ್ಟರು ಇನ್ನೂ ಹೊರೆ ಎಳೆಯಲು ಆರಂಭಿಸಿಲ್ಲ. ಹೀಗಾಗಿ ಇಡೀ ದಿನದ ಅತಿ ಹೆಚ್ಚಿನ ವೋಲ್ಟೇಜ್ ಆ ಹೊತ್ತಿನಲ್ಲಿಯೇ ಬರುತ್ತದೆ. ಒಳ್ಳೆಯ ಇನ್ವರ್ಟರಾದರೆ ಪರದೆಯ ಮೇಲೆ ದೋಷ ತೋರಿಸಿ ಸುಮ್ಮನಾದೀತು. ಇಲ್ಲವಾದರೆ ಒಳಗಿನ ಬಿಡಿಭಾಗ ಸುಟ್ಟುಹೋಗುತ್ತದೆ. ಮಿತಿಗಿಂತ ಹೆಚ್ಚಿನ ವೋಲ್ಟೇಜಿನಿಂದ ಸುಟ್ಟದ್ದಕ್ಕೆ ಗ್ಯಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಮಾತ್ರ ದೋಷ ತೋರಿಸಿ ಹತ್ತು ಗಂಟೆಯ ಮೇಲೆ ತಾನಾಗಿಯೇ ಸರಿಹೋಗುವ ಇನ್ವರ್ಟರು ತಮ್ಮ ಮನೆಯಲ್ಲಿದ್ದರೆ, ಮೊದಲು ಸಂಶಯಿಸಬೇಕಾದದ್ದು ಇದನ್ನೇ.

ಹಾಗಾದರೆ ಎರಡು ಫಲಕಗಳ ಸರಣಿ? ಚಳಿಯಲ್ಲಿ 103 ವೋಲ್ಟ್, ಮಿತಿಯೊಳಗಿದೆ. ಇನ್ನೊಂದು ತುದಿಯನ್ನೂ ನೋಡಬೇಕು. ಏಪ್ರಿಲ್ ಮಧ್ಯಾಹ್ನ ತಾರಸಿಯ ಮೇಲಿನ ಫಲಕದ ಕೋಶಗಳು 70 ಡಿಗ್ರಿಯವರೆಗೂ ಕಾಯಬಹುದು. ಆಗ 41.6 ವೋಲ್ಟ್ ಇದ್ದ Vmp ಸುಮಾರು 35ಕ್ಕೆ ಇಳಿಯುತ್ತದೆ. ಎರಡಕ್ಕೆ 70 ವೋಲ್ಟ್. ಕೆಳಗಿನ ಮಿತಿ 60 ಆದ್ದರಿಂದ ಕೆಲಸ ನಡೆಯುತ್ತದೆ. ಎಲ್ಲವನ್ನೂ ಸಮಾಂತರ ಮಾಡಿದ್ದರೆ 35 ವೋಲ್ಟಿನಿಂದ 48 ವೋಲ್ಟಿನ ಬ್ಯಾಟರಿ ತುಂಬುವುದೇ ಇಲ್ಲ. ಆದ್ದರಿಂದ ಈ ಮನೆಗೆ ಎರಡೆರಡರ ಸಾಲೇ ಸರಿ.

ಆಂಪಿಯರಿನ ಲೆಕ್ಕ

ಇನ್ನು ಇಂಥ ಸಾಲುಗಳನ್ನು ಎಷ್ಟು ಸಮಾಂತರವಾಗಿ ಸೇರಿಸಬಹುದು? ಒಂದು ಸಾಲಿಗೆ 13 ಆಂಪಿಯರ್. ಎರಡು ಸಾಲಿಗೆ 26. ಮಿತಿ 30, ಸರಿ. Isc ಎರಡಕ್ಕೆ ಸುಮಾರು 28. ಮಿತಿ 36, ಅದೂ ಸರಿ. ಮೂರನೆಯ ಸಾಲು ಸೇರಿಸಿದರೆ ಕೆಲಸದ ಆಂಪಿಯರ್ 39, Isc 41.7. ಎರಡೂ ಮಿತಿ ದಾಟಿದವು.

ಬಳಸಿಕೊಳ್ಳುವ ಆಂಪಿಯರಿನ ಮಿತಿಯನ್ನು ಸ್ವಲ್ಪ ದಾಟಿದರೆ ಇನ್ವರ್ಟರು ತನಗೆ ಬೇಕಾದಷ್ಟನ್ನೇ ಎಳೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಹೆಚ್ಚಿನ ಫಲಕಕ್ಕೆ ಕೊಟ್ಟ ಹಣ ವ್ಯರ್ಥ, ಅಷ್ಟೆ. ಆದರೆ Isc ಮಿತಿಯನ್ನು ದಾಟಲೇಬಾರದು. ಅದು ಒಳಗೆ ಶಾರ್ಟ್ ಆದಾಗ ಯಂತ್ರ ತಡೆದುಕೊಳ್ಳಬಲ್ಲ ಅಂಕಿ. ಮೂರು ಅಥವಾ ಹೆಚ್ಚು ಸಾಲುಗಳಿದ್ದಾಗ ಇನ್ನೂ ಒಂದು ಅಪಾಯವಿದೆ. ಒಂದು ಸಾಲಿನಲ್ಲಿ ಕೆಟ್ಟರೆ ಉಳಿದ ಸಾಲುಗಳ ಕರೆಂಟೆಲ್ಲ ಹಿಂದಕ್ಕೆ ಆ ಸಾಲಿಗೇ ನುಗ್ಗುತ್ತದೆ. ಇಂಥ ಫಲಕಗಳ ಚೀಟಿಯಲ್ಲಿ ಫ್ಯೂಸಿನ ಮಿತಿ ಸಾಮಾನ್ಯವಾಗಿ 25 ಆಂಪಿಯರ್ ಎಂದಿರುತ್ತದೆ. ಎರಡು ಸಾಲಿದ್ದಾಗ ಹಿಂದಕ್ಕೆ ನುಗ್ಗುವುದು 14. ಮೂರು ಸಾಲಿದ್ದಾಗ 28. ಆದ್ದರಿಂದ ಮೂರನೆಯ ಸಾಲು ಬಂದ ಕೂಡಲೇ ಪ್ರತಿ ಸಾಲಿಗೂ ಪ್ರತ್ಯೇಕ ಡಿ.ಸಿ. ಫ್ಯೂಸು ಕಡ್ಡಾಯವೆಂದು ತಿಳಿಯಬೇಕು.

ಹೀಗೆ ನೋಡಿದರೆ ಈ ಇನ್ವರ್ಟರಿಗೆ ನಾಲ್ಕೇ ಫಲಕ, ಎರಡೆರಡರ ಎರಡು ಸಾಲು. ಆರು ಫಲಕಗಳೇ ಬೇಕೆಂದಿದ್ದರೆ ಬದಲಾಗಬೇಕಾದದ್ದು ಇನ್ವರ್ಟರು. ಈಗ 500 ವೋಲ್ಟಿನವರೆಗೆ ತಡೆಯುವ, 120ರಿಂದ 450 ವೋಲ್ಟಿನಲ್ಲಿ ಕೆಲಸ ಮಾಡುವ ಮಾದರಿಗಳೂ ಸಿಗುತ್ತವೆ. ಅದಕ್ಕೆ ಅದೇ ಆರು ಫಲಕಗಳನ್ನು ಒಂದೇ ಸರಣಿಯಲ್ಲಿ ಜೋಡಿಸಬಹುದು: ಚಳಿಯಲ್ಲಿ 309 ವೋಲ್ಟ್, ಕಾವಿನಲ್ಲಿ 210 ವೋಲ್ಟ್, ಆಂಪಿಯರ್ 13 ಮಾತ್ರ. ತಂತಿಯಲ್ಲಿ ಆಗುವ ನಷ್ಟವೂ ಕಡಿಮೆ. ಫಲಕ ಅದೇ, ಬಿಸಿಲು ಅದೇ. ಇನ್ವರ್ಟರು ಬೇರೆಯಾದ್ದರಿಂದ ಜೋಡಣೆಯೇ ಬೇರೆಯಾಯಿತು. "ಸೀರೀಸ್ ಒಳ್ಳೆಯದೋ ಪ್ಯಾರಲಲ್ ಒಳ್ಳೆಯದೋ" ಎಂಬ ವಾದಕ್ಕೆ ಅರ್ಥವಿಲ್ಲವೆಂದು ನಾನು ಹೇಳುವುದು ಇದಕ್ಕಾಗಿಯೇ.

ಪಂಪಿನ ಪ್ರಶ್ನೆ ಬೇರೆ

ಮನೆಯ ಇನ್ವರ್ಟರಿನಲ್ಲಿ ವೋಲ್ಟೇಜ್ ಹೆಚ್ಚಾಗುವ ಭಯವಾದರೆ, ಕೊಳವೆಬಾವಿಯ ಪಂಪಿನಲ್ಲಿ ಸಾಲದೆ ಹೋಗುವ ಭಯ. 2019ರಲ್ಲಿ ಆರಂಭವಾದ ಪಿ.ಎಂ. ಕುಸುಮ್ ಯೋಜನೆಯಂಥ ಸಹಾಯಧನದ ಯೋಜನೆಗಳಲ್ಲಿ ಫಲಕ, ನಿಯಂತ್ರಕ, ಪಂಪು ಮೂರೂ ಒಂದಕ್ಕೊಂದು ಹೊಂದುವಂತೆ ಬರುತ್ತವೆ. ಅಂಥವರು ಜೋಡಣೆಗೆ ಕೈ ಹಾಕದಿರುವುದೇ ಒಳ್ಳೆಯದು. ತೊಂದರೆ ಬರುವುದು, ಇರುವ ಹಳೆಯ ಐದು ಅಶ್ವಶಕ್ತಿಯ ಮೂರು ಫೇಸಿನ ಮೋಟಾರಿಗೆ ತಾವೇ ಸೋಲಾರ್ ಡ್ರೈವು ತಂದು ಹಾಕುವವರಿಗೆ.

ಈ ಮೋಟಾರಿಗೆ ಬೇಕಾದದ್ದು 415 ವೋಲ್ಟ್ ಎ.ಸಿ. ಅಷ್ಟನ್ನು ಕೊಡಲು ಡ್ರೈವಿಗೆ ಅದರ ಸುಮಾರು 1.4ರಷ್ಟು, ಅಂದರೆ 585 ವೋಲ್ಟ್ ಡಿ.ಸಿ. ಬೇಕು. ಒಬ್ಬರು "ಐದು ಎಚ್.ಪಿ.ಗೆ ಐದು ಕಿಲೋವಾಟ್ ಸಾಕು" ಎಂದು 540 ವಾಟಿನ ಒಂಬತ್ತು ಫಲಕಗಳನ್ನು ಸರಣಿಯಲ್ಲಿ ಹಾಕಿದರೆನ್ನೋಣ. ವಾಟು ಸರಿಯಾಗಿಯೇ ಇದೆ: 4860. ವೋಲ್ಟೇಜ್ ಮಾತ್ರ 375. ಕೆಲವು ಡ್ರೈವುಗಳು ಇಷ್ಟರಲ್ಲಿ ಆರಂಭವೇ ಆಗುವುದಿಲ್ಲ. ಆದರೂ ಮೋಟಾರಿಗೆ ಸಿಗುವುದು 265 ವೋಲ್ಟ್. ಡ್ರೈವು ಅದಕ್ಕೆ ತಕ್ಕಂತೆ ವೇಗವನ್ನು ಮೂರರಲ್ಲಿ ಎರಡು ಪಾಲಿಗೆ ತಗ್ಗಿಸುತ್ತದೆ. ಪಂಪಿನ ವೇಗ ತಗ್ಗಿದರೆ ಅದು ನೀರೆತ್ತುವ ಎತ್ತರ ವೇಗದ ವರ್ಗದಂತೆ ಕುಸಿಯುತ್ತದೆ. ಇಲ್ಲಿ ಅರ್ಧಕ್ಕಿಂತಲೂ ಕಡಿಮೆ. ಮೋಟಾರು ತಿರುಗುವ ಶಬ್ದ ಕೇಳುತ್ತದೆ, ನೀರು ಮಾತ್ರ ಮೇಲೆ ಬರುವುದಿಲ್ಲ. ರೈತರು ಬಾವಿ ಬತ್ತಿತೆಂದು ತಿಳಿದು ಮತ್ತೊಂದು ಕೊಳವೆಬಾವಿ ಕೊರೆಸಲು ಹೊರಟರೆ ಆಶ್ಚರ್ಯವಿಲ್ಲ. ಹೊಸ ಬಾವಿ ತೋಡುವ ಮೊದಲು ಡ್ರೈವಿನ ಪರದೆಯ ಮೇಲೆ ಡಿ.ಸಿ. ವೋಲ್ಟೇಜ್ ಎಷ್ಟಿದೆ ಎಂದು ನೋಡಿ.

ಪಂಪಿಗೆ ಬೇಕಾದದ್ದು ಉದ್ದನೆಯ ಸರಣಿ. ವೋಲ್ಟೇಜನ್ನು ಕೊಡುವುದು ಫಲಕಗಳ ಸಂಖ್ಯೆ, ಅವುಗಳ ವಾಟಲ್ಲ. 335 ವಾಟಿನ ಹದಿನೈದು ಫಲಕಗಳ ಒಂದು ಸಾಲು 5 ಕಿಲೋವಾಟೇ ಆದರೂ ಅದರ Vmp ಸುಮಾರು 570 ವೋಲ್ಟ್. ಚಳಿಯಲ್ಲಿ Voc ಸುಮಾರು 720 ವೋಲ್ಟ್ ಆಗುತ್ತದೆ. ಡ್ರೈವಿನ ಮಿತಿ 800 ಇದ್ದರೆ ಕ್ಷೇಮ. ಆದರೂ ಬೇಸಗೆಯ ಕಾವಿನಲ್ಲಿ ಈ 570 ಕೂಡ 480ರ ಸುಮಾರಿಗೆ ಇಳಿಯುತ್ತದೆ. ಆದ್ದರಿಂದ ಆಳದ ಬಾವಿಯಿಂದ ಪಂಪಿನ ಪೂರ್ಣ ಶಕ್ತಿಗೆ ನೀರೆತ್ತುತ್ತಿರುವವರು ಮೆಸ್ಕಾಂ ಕರೆಂಟಿನಷ್ಟೇ ನೀರನ್ನು ಇದರಿಂದ ನಿರೀಕ್ಷಿಸಬಾರದು. ನೀರಿನ ಮಟ್ಟ ಮೇಲಿದ್ದು ಪಂಪಿನಲ್ಲಿ ಶಕ್ತಿ ಉಳಿಯುವವರಿಗೆ ಮಾತ್ರ ಇದು ಒಪ್ಪುತ್ತದೆ. ಉಳಿದವರು ಕಡಿಮೆ ವೋಲ್ಟೇಜಿಗೆಂದೇ ಸುತ್ತಿದ ಸೋಲಾರ್ ಮೋಟಾರನ್ನು ಆರಿಸುವುದು ಸೂಕ್ತ.

ತೋಟದ ನೆರಳು, ಹಳೆಯ ಫಲಕ

ನಮ್ಮಲ್ಲಿ ಮನೆಗೂ ತೋಟಕ್ಕೂ ದೂರವಿಲ್ಲ. ಬೆಳಿಗ್ಗೆ ಒಂಬತ್ತರವರೆಗೆ ಅಡಿಕೆ ಮರದ ನೆರಳು ತಾರಸಿಯ ಒಂದು ಮೂಲೆಗೆ ಬೀಳುವುದು ಸಾಮಾನ್ಯ. ಸರಣಿಯಲ್ಲಿ ಒಂದೇ ಕರೆಂಟು ಎಲ್ಲ ಫಲಕಗಳ ಮೂಲಕ ಹರಿಯಬೇಕಾದ್ದರಿಂದ, ನೆರಳಿಗೆ ಸಿಕ್ಕ ಒಂದು ಫಲಕ ಇಡೀ ಸಾಲನ್ನು ಎಳೆದು ಹಿಡಿಯುತ್ತದೆ. ಫಲಕದೊಳಗಿನ ಡಯೋಡು ದಾರಿ ಬಿಟ್ಟುಕೊಟ್ಟರೂ ಆ ಫಲಕದ ವೋಲ್ಟೇಜ್ ಕಳೆದುಹೋಗುತ್ತದೆ. ಎರಡೆರಡರ ಸಾಲಿನಲ್ಲಿ ಇದರಿಂದ ಕೆಳಗಿನ ಮಿತಿಯೇ ತಪ್ಪಿಹೋಗಬಹುದು. ಉಪಾಯ ಸರಳವಾಗಿದೆ. ಬೆಳಗಿನ ನೆರಳು ಬೀಳುವ ಎರಡು ಫಲಕಗಳನ್ನು ಒಂದೇ ಸಾಲಿಗೆ ಸೇರಿಸಿ, ಬಿಸಿಲಿನ ಎರಡನ್ನು ಇನ್ನೊಂದು ಸಾಲಿಗೆ ಸೇರಿಸಿ. ಆಗ ಒಂದು ಸಾಲು ನಿಧಾನವಾದರೂ ಮತ್ತೊಂದು ಪೂರ್ತಿ ದುಡಿಯುತ್ತದೆ.

ಇದೇ ಕಾರಣಕ್ಕೆ ಹಳೆಯ 335 ವಾಟಿನ ಫಲಕವನ್ನು ಹೊಸ 540 ವಾಟಿನದರ ಜೊತೆ ಸರಣಿಯಲ್ಲಿ ಕಟ್ಟಬಾರದು. ಹಳೆಯದರ ಕೆಲಸದ ಆಂಪಿಯರ್ 9ಕ್ಕಿಂತ ಕಡಿಮೆ. ಹೊಸದೂ ಅಷ್ಟಕ್ಕೇ ನಿಲ್ಲುತ್ತದೆ. ಒಂದು ಎತ್ತು ಏರಿಗೆ, ಇನ್ನೊಂದು ನೀರಿಗೆ ಎಳೆದಂತೆ.

ಜೋಡಿಸಿದ ಮೇಲೆ ಪರೀಕ್ಷೆ

ಸಾಲನ್ನು ಇನ್ವರ್ಟರಿಗೆ ಸೇರಿಸುವ ಮೊದಲು ಮಿಸ್ತ್ರಿಯಿಂದ ಮೀಟರು ಹಿಡಿಸಿ ತಾವು ಪಕ್ಕದಲ್ಲಿ ನಿಂತು ನೋಡಬೇಕು. ಮೀಟರು ಡಿ.ಸಿ. ವೋಲ್ಟೇಜಿಗೆ ಇಟ್ಟಿರಲಿ, ಅದು ತಡೆಯುವ ಮಿತಿ ಸಾಲಿನ ವೋಲ್ಟೇಜಿಗಿಂತ ಹೆಚ್ಚಿರಲಿ. ನಮ್ಮ ಉದಾಹರಣೆಯ ಮನೆಯಲ್ಲಿ ಮಧ್ಯಾಹ್ನ ಕಾದ ಫಲಕಗಳ ಒಂದು ಸಾಲು ಸುಮಾರು 91 ವೋಲ್ಟ್ ತೋರಿಸಬೇಕು. 45ರ ಸುಮಾರು ತೋರಿಸಿದರೆ ಎರಡನೆಯ ಫಲಕ ಸಾಲಿಗೆ ಸೇರಿಲ್ಲ. ಸೊನ್ನೆ ತೋರಿಸಿದರೆ ಎಲ್ಲೋ ಕೊಂಡಿ ಬಿಟ್ಟಿದೆ, ಇಲ್ಲವೇ ಒಂದು ಫಲಕ ತಿರುಗುಮುರುಗಾಗಿದೆ. 137 ತೋರಿಸಿದರೆ ಮೂರು ಫಲಕ ಸರಣಿಯಾಗಿದೆ, ಕೂಡಲೇ ಬಿಚ್ಚಿಸಬೇಕು. ಅಂಕಿಯ ಹಿಂದೆ ಋಣ ಚಿಹ್ನೆ ಬಂದರೆ ಮೀಟರಿನ ಕಡ್ಡಿಗಳು ಅದಲುಬದಲಾಗಿವೆ, ಇಲ್ಲವೇ ತಂತಿಯ ಗುರುತೇ ತಪ್ಪಿದೆ. ಇದು ತೀರ್ಮಾನವಾಗುವವರೆಗೆ ಎರಡು ಸಾಲುಗಳನ್ನು ಒಂದುಗೂಡಿಸಬಾರದು. ಒಂದುಗೂಡಿಸುವ ಮೊದಲು ಎರಡು ಸಾಲುಗಳ ಅಂಕಿಗಳೂ ಹೆಚ್ಚುಕಡಿಮೆ ಒಂದೇ ಆಗಿರಬೇಕು.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಬಿಸಿಲಿರುವವರೆಗೆ ಫಲಕದಲ್ಲಿ ಕರೆಂಟು ಇದ್ದೇ ಇರುತ್ತದೆ. ಹೊರೆ ಎಳೆಯುತ್ತಿರುವಾಗ ಕೊಂಡಿಯನ್ನು ಕಿತ್ತರೆ ಕಿಡಿ ಎದ್ದು ಅದು ಆರದೆ ಉರಿಯುತ್ತದೆ. ಮೊದಲು ಡಿ.ಸಿ. ಸ್ವಿಚ್ಚು ಆರಿಸಿ, ಆಮೇಲೆ ಕೊಂಡಿ ಮುಟ್ಟಬೇಕು. ಪಂಪಿನ ಸಾಲಿನಲ್ಲಿರುವ 700 ವೋಲ್ಟ್ ಜೀವ ತೆಗೆಯಲು ಧಾರಾಳ ಸಾಕು. ಆ ಸಾಲನ್ನು ಬಲ್ಲ ಎಲೆಕ್ಟ್ರಿಷಿಯನ್ ಹೊರತು ಬೇರೆಯವರು ಮುಟ್ಟತಕ್ಕದ್ದಲ್ಲ.

ಮುಂಗಡ ಕೊಡುವ ಮುನ್ನ

ಲೆಕ್ಕ ಹಾಕುವ ಹೊಣೆ ಮಾರುವವರದು, ಆದರೆ ಕೇಳಿ ಪಡೆಯುವ ಹೊಣೆ ಕೊಳ್ಳುವವರದು ಎಂಬುದು ನನ್ನ ಅಭಿಪ್ರಾಯ. ಬೀಜ ಕೊಳ್ಳುವಾಗ ತಾವು ಚೀಟಿಯಲ್ಲಿ ಮೊಳಕೆಯ ಪ್ರಮಾಣ ನೋಡದೆ ಹಣ ಕೊಡುವುದಿಲ್ಲ. ಹಾಗೆಯೇ ಇಲ್ಲಿಯೂ ಮುಂಗಡ ಕೊಡುವ ಮುನ್ನ ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳಿ: 10 ಡಿಗ್ರಿ ಚಳಿಯಲ್ಲಿ ಸಾಲಿನ Voc ಎಷ್ಟು, ಇನ್ವರ್ಟರಿನ ಮಿತಿ ಎಷ್ಟು, 70 ಡಿಗ್ರಿ ಕಾವಿನಲ್ಲಿ Vmp ಎಷ್ಟು, ಕೆಳಗಿನ ಮಿತಿ ಎಷ್ಟು, ಎಲ್ಲ ಸಾಲುಗಳ Imp ಕೂಡಿದರೆ ಎಷ್ಟು, ಮಿತಿ ಎಷ್ಟು, Isc ಕೂಡಿದರೆ ಎಷ್ಟು, ಮಿತಿ ಎಷ್ಟು. ಬರೆದವರ ಸಹಿಯೂ ಇರಲಿ. ಈ ನಾಲ್ಕು ಸಾಲು ಬರೆದು ಕೊಡಲಾರದವರಿಂದ ಫಲಕ ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. ಹಾಳೆಯನ್ನು ಬಿಲ್ಲಿನ ಜೊತೆ ಜೋಪಾನವಾಗಿಡಿ. ನಾಳೆ ಇನ್ನೆರಡು ಫಲಕ ಸೇರಿಸಬೇಕೆನಿಸಿದಾಗ ಮೊದಲು ತೆಗೆದು ನೋಡಬೇಕಾದದ್ದು ಅದೇ ಹಾಳೆಯನ್ನು.